ಜೆಜುನಾಸ್ಟಮಿ ಟ್ಯೂಬಿನ ಫೀಡ್: ವೇಗ ಹೆಚ್ಚಿಸುವುದು ಹೇಗೆ, ಬಾಯಿಯ ಊಟಕ್ಕೆ ದಾಟುವುದು ಯಾವಾಗ?

ನಾಪೋಕ್ಲಿನಿಂದ ಪ್ರಶ್ನೆ: ಅಪ್ಪನಿಗೆ ಮೂರು ವಾರಗಳ ಹಿಂದೆ ಅನ್ನನಾಳದ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಾಗಿದೆ. ವಯಸ್ಸು 58, ತೂಕ 50 ಕೆ.ಜಿ. ಹೊಟ್ಟೆಯ ಮೂಲಕ ಸಣ್ಣ ಕರುಳಿಗೆ ಹಾಕಿದ ಜೆಜುನಾಸ್ಟಮಿ ಟ್ಯೂಬಿನಲ್ಲಿ ಪಂಪ್ ಮೂಲಕ ಗಂಟೆಗೆ 60 ಮಿ.ಲೀ.ನಂತೆ 20 ಗಂಟೆ ಫೀಡ್ ಕೊಡಲು ಹೇಳಿ ಮನೆಗೆ ಕಳುಹಿಸಿದರು. ಕಕ್ಕಡ ತಿಂಗಳ ಮಳೆಗೆ ಕರೆಂಟ್ ಪದೇ ಪದೇ ಹೋಗುತ್ತಿರುವುದರಿಂದ ಬೇಗ ಮುಗಿಯಲೆಂದು 120 ಮಾಡಿದೆವು. ಎರಡನೇ ರಾತ್ರಿ ಹೊಟ್ಟೆ ನುಲಿದು ನಾಲ್ಕು ಸಲ ಭೇದಿಯಾಯಿತು. ಅವರಿಗೆ ಈ ಫೀಡ್ ಒಗ್ಗುತ್ತಿಲ್ಲವೇ? ದಿನಕ್ಕೆ ಎರಡು ಲೋಟ ಗಂಜಿ, ಎರಡು ಲೋಟ ಹಾಲು ಕುಡಿಯುತ್ತಿದ್ದಾರೆ. ಟ್ಯೂಬ್ ನಿಲ್ಲಿಸಬಹುದೇ?

ಮಡಿಕೇರಿಯ ಆಹಾರತಜ್ಞೆ: ಮೊದಲು ಅಪ್ಪನ ಹೊಟ್ಟೆಯನ್ನು ಮುಟ್ಟಿ ನೋಡಿ. ಹೊಟ್ಟೆ ಉಬ್ಬಿ ಬಿಗಿಯಾಗಿದ್ದರೆ, ನೋವು ಬಿಟ್ಟು ಬಿಟ್ಟು ಬರದೆ ಏರುತ್ತಲೇ ಇದ್ದರೆ, ಜ್ವರ ಅಥವಾ ವಾಂತಿ ಇದ್ದರೆ, ಸುಮ್ಮನೆ ಮಲಗಿದ್ದಾಗಲೂ ನಾಡಿ ನೂರನ್ನು ದಾಟುತ್ತಿದ್ದರೆ ಫೀಡ್ ನಿಲ್ಲಿಸಿ ಈಗಲೇ ಆಸ್ಪತ್ರೆಗೆ ಹೊರಡಿ. ಕರುಳಿಗೆ ರಕ್ತದ ಹರಿವು ಸಾಲದಿರುವಾಗಲೂ, ಕರುಳು ತಿರುಚಿಕೊಂಡಾಗಲೂ ಆರಂಭದ ಲಕ್ಷಣಗಳು ಹೀಗೆಯೇ ಇರುತ್ತವೆ. ಅಂಥ ಸಂದರ್ಭದಲ್ಲಿ ವೇಗ ಇಳಿಸಿ ಕಾದು ನೋಡುವುದು ಅಪಾಯ.

ಇವು ಯಾವುವೂ ಇಲ್ಲದಿದ್ದರೆ, ತೊಂದರೆ ಫೀಡಿನದ್ದಲ್ಲ, ಒಮ್ಮೆಲೇ ಏರಿಸಿದ ವೇಗದ್ದು ಎಂದೇ ನನ್ನ ಅಭಿಪ್ರಾಯ. ಜಠರವು ಬಂದದ್ದನ್ನು ಹಿಡಿದಿಟ್ಟುಕೊಂಡು ಸ್ವಲ್ಪಸ್ವಲ್ಪವಾಗಿ ಕೆಳಗೆ ಬಿಡುತ್ತದೆ. ಈ ಟ್ಯೂಬಿನ ತುದಿ ಇರುವ ಸಣ್ಣ ಕರುಳಿಗೆ ಹಾಗೆ ಹಿಡಿದಿಡುವ ಶಕ್ತಿಯಿಲ್ಲ. ಬಂದ ವೇಗದಲ್ಲೇ ಅದು ಎದುರಿಸಬೇಕಾಗುತ್ತದೆ, ಹೆಚ್ಚಾದರೆ ನೀರನ್ನು ಒಳಗೆಳೆದುಕೊಂಡು ಮುಂದಕ್ಕೆ ತಳ್ಳುತ್ತದೆ. ಶಸ್ತ್ರಚಿಕಿತ್ಸೆಯ ಮರುದಿನ ಆಸ್ಪತ್ರೆಯಲ್ಲಿ ಗಂಟೆಗೆ 10ರಿಂದ 20 ಮಿ.ಲೀ.ನಲ್ಲಿ ಆರಂಭಿಸಿ, ಪೂರ್ಣ ಪ್ರಮಾಣ ಮುಟ್ಟಲು ಐದಾರು ದಿನ ತೆಗೆದುಕೊಳ್ಳುವುದು ಇದೇ ಕಾರಣಕ್ಕೆ.

ನಿಮ್ಮ ಶಸ್ತ್ರಚಿಕಿತ್ಸಕರಿಗೆ ಫೋನ್ ಮಾಡಿ ತಿಳಿಸಿ, ಅವರು ಒಪ್ಪಿದರೆ ಹಿಂದೆ ಒಗ್ಗಿದ್ದ 60ಕ್ಕೇ ಮರಳಿ. ಒಂದು ಇಡೀ ದಿನ ಹೊಟ್ಟೆ ಶಾಂತವಾಗಿದ್ದ ಮೇಲೆ 70, ಮತ್ತೊಂದು ದಿನದ ನಂತರ 75 ಮಾಡಬಹುದು. ಒಗ್ಗುತ್ತಿದೆಯೇ ಎಂದು ತಿಳಿಯಲು ದಿನವೂ ಒಂದೇ ಹೊತ್ತಿನಲ್ಲಿ, ಮಲಗಿಸಿ, ಹೊಕ್ಕುಳಿನ ಮಟ್ಟದಲ್ಲಿ ಟೇಪಿನಿಂದ ಹೊಟ್ಟೆಯ ಸುತ್ತಳತೆ ತೆಗೆಯಿರಿ. ಭೇದಿ ಎಷ್ಟು ಸಲವಾಯಿತು, ಎಷ್ಟು ನೀರಾಗಿತ್ತು ಎಂಬುದನ್ನೂ ಬರೆದಿಡಿ. ಭೇದಿ ಮುಂದುವರಿದರೆ ಸಿರಪ್ ರೂಪದ ಔಷಧಿಗಳನ್ನು ವೈದ್ಯರಿಗೆ ತೋರಿಸಿ, ಏಕೆಂದರೆ ಅವುಗಳಲ್ಲಿ ಸಿಹಿಗಾಗಿ ಹಾಕುವ ಸಾರ್ಬಿಟಾಲ್ ಒಂದೇ ಸಾಕು ಭೇದಿ ತರಿಸಲು. ಪುಡಿ ಕಲಸಿ ಮಾಡಿದ ಫೀಡ್ ಆಗಿದ್ದರೆ ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ತೂಗುಹಾಕಬೇಡಿ.

ಕರೆಂಟ್ ಹೋಗಿ ಪಂಪ್ ನಿಂತರೆ ತಕ್ಷಣ 30 ಮಿ.ಲೀ. ಕುದಿಸಿ ಆರಿಸಿದ ನೀರು ಹಾಯಿಸಿ, ಇಲ್ಲದಿದ್ದರೆ ಟ್ಯೂಬ್ ಕಟ್ಟಿಕೊಳ್ಳುತ್ತದೆ. ತಪ್ಪಿಹೋದ ಪ್ರಮಾಣವನ್ನು ಆಮೇಲೆ ವೇಗ ಹೆಚ್ಚಿಸಿ ತುಂಬಿಸಬಾರದು. ಪಂಪಿಲ್ಲದೆ ಹನಿಯ ಸೆಟ್ಟಿನಲ್ಲಿ ಕೊಡುವುದಾದರೆ ಸೆಟ್ಟಿನ ಹೊದಿಕೆಯ ಮೇಲೆ ಒಂದು ಮಿ.ಲೀ.ಗೆ ಎಷ್ಟು ಹನಿ ಎಂದು ನೋಡಿ. 20 ಹನಿಯದ್ದಾದರೆ ನಿಮಿಷಕ್ಕೆ 20 ಹನಿ ಎಂದರೆ ಗಂಟೆಗೆ 60 ಮಿ.ಲೀ. ಆಗುತ್ತದೆ. ಫೀಡ್ ಮಂದವಾಗಿರುವುದರಿಂದ ಹನಿಯ ಲೆಕ್ಕ ಜಾರುತ್ತದೆ, ಆದ್ದರಿಂದ ಗಂಟೆಗೊಮ್ಮೆ ಎಷ್ಟು ಇಳಿದಿದೆ ಎಂದು ನೋಡುತ್ತಿರಬೇಕು.

ಸಿದ್ದಾಪುರದ ಬೆಳೆಗಾರರು: ನಮ್ಮ ತಂದೆಗೂ ಹೊಟ್ಟೆಯಲ್ಲಿ ಟ್ಯೂಬ್ ಇತ್ತು. ರಾಗಿ ಅಂಬಲಿಯನ್ನು ಬಟ್ಟೆಯಲ್ಲಿ ಸೋಸಿ ಸಿರಿಂಜಿನಲ್ಲಿ ಮೂರು ಹೊತ್ತು ಹಾಕುತ್ತಿದ್ದೆವು, ಎರಡು ವರ್ಷ ಏನೂ ಆಗಲಿಲ್ಲ. ಇಷ್ಟು ದುಬಾರಿ ಫೀಡ್, ಪಂಪ್ ಎಲ್ಲ ಅಗತ್ಯವೇ?

ಕುಶಾಲನಗರದ ನಿವೃತ್ತ ನರ್ಸ್: ಅಂಬಲಿ ಬೇಡ. ಆದರೆ ಫೀಡಿಗೆ ಅರ್ಧ ನೀರು ಬೆರೆಸಿ ನಿಧಾನವಾಗಿ ಕೊಡಿ, ನಾಲ್ಕು ಗಂಟೆಗೊಮ್ಮೆ ಸಿರಿಂಜಿನಲ್ಲಿ ಎಳೆದು ಎಷ್ಟು ಉಳಿದಿದೆ ನೋಡಿ. ನಾವು ವಾರ್ಡಿನಲ್ಲಿ ಹೀಗೆಯೇ ಮಾಡುತ್ತಿದ್ದೆವು.

ಮಡಿಕೇರಿಯ ಆಹಾರತಜ್ಞೆ: ಸಾರ್, ತಮ್ಮ ತಂದೆಯವರದ್ದು ಬಹುಶಃ ಜಠರಕ್ಕೆ ಹಾಕಿದ್ದ ಅಗಲವಾದ ಟ್ಯೂಬ್, ಅಲ್ಲಿ ಸಿರಿಂಜಿನಲ್ಲಿ ಒಮ್ಮೆಲೇ ಕೊಡಬಹುದು, ಜಠರದ ಆಮ್ಲವೂ ರೋಗಾಣುಗಳನ್ನು ಸಾಕಷ್ಟು ತಡೆಯುತ್ತದೆ. ಇವರದ್ದು ಕರುಳಿನ ಕಿರಿದಾದ ಟ್ಯೂಬ್. ಅಂಬಲಿ ಎಷ್ಟೇ ಸೋಸಿದರೂ ಆರುತ್ತಾ ಗಟ್ಟಿಯಾಗಿ ಅದರೊಳಗೆ ಕಟ್ಟಿಕೊಳ್ಳುತ್ತದೆ, ಅಡುಗೆಮನೆಯ ಕಲಬೆರಕೆಗೆ ಆಮ್ಲದ ತಡೆಯೂ ಅಲ್ಲಿರುವುದಿಲ್ಲ.

ಸಿಸ್ಟರ್, ನಿಧಾನವಾಗಿ ಎಂದು ತಾವು ಹೇಳಿದ್ದು ಸರಿ. ಎಳೆದು ನೋಡುವುದು ಜಠರದ ಟ್ಯೂಬಿಗೆ ಹೊಂದುತ್ತದೆ; ಕರುಳಿನಲ್ಲಿ ಫೀಡ್ ನಿಲ್ಲುವುದೇ ಇಲ್ಲವಾದ್ದರಿಂದ ಏನೂ ಬರದಿದ್ದರೆ ಎಲ್ಲವೂ ಸರಿಯಿದೆ ಎಂದು ಅರ್ಥವಲ್ಲ. ಅರ್ಧ ನೀರು ಬೆರೆಸಿದರೆ ಪೋಷಣೆಯೂ ಅರ್ಧವಾಗುತ್ತದೆ, ಮಿ.ಲೀ.ಗೆ ಒಂದು ಕ್ಯಾಲೊರಿಯ ಸಾಮಾನ್ಯ ಫೀಡಿಗೆ ನೀರಿನ ಅಗತ್ಯವಿಲ್ಲ.

ಇನ್ನು ಟ್ಯೂಬ್ ನಿಲ್ಲಿಸುವ ಮಾತು. 50 ಕೆ.ಜಿ.ಗೆ ದಿನಕ್ಕೆ ಸುಮಾರು 1500 ಕ್ಯಾಲೊರಿ ಬೇಕು. ತೆಳು ಗಂಜಿಯ 150 ಮಿ.ಲೀ. ಲೋಟದಲ್ಲಿ 70ರ ಆಸುಪಾಸು, ಹಾಲಿನ ಲೋಟದಲ್ಲಿ 95ರ ಆಸುಪಾಸು ಸಿಗುತ್ತದೆ. ನಾಲ್ಕೂ ಲೋಟ ಸೇರಿದರೆ 330. ಕುಡಿದದ್ದು ಕಣ್ಣಿಗೆ ಬಹಳವೆನಿಸಿದರೂ ಅಗತ್ಯದ ಕಾಲು ಭಾಗಕ್ಕೂ ಕಡಿಮೆ; ಉಳಿದದ್ದನ್ನು ಟ್ಯೂಬಿನ 1200 ಮಿ.ಲೀ. ಪೂರೈಸುತ್ತಿದೆ. ಈಗ ನಿಲ್ಲಿಸಿದರೆ ತೂಕ ಇಳಿಯುವುದು ಖಚಿತ.

ಆದ್ದರಿಂದ ಈಗ ಪ್ರಮಾಣ ಇಳಿಸದೆ ಗಂಟೆಗಳನ್ನಷ್ಟೇ ಇಳಿಸಿ. 75 ಒಗ್ಗಿದ ಮೇಲೆ 16 ಗಂಟೆ ಸಾಕು, ಅಂದರೆ ಸಂಜೆ ಐದರಿಂದ ಬೆಳಿಗ್ಗೆ ಒಂಬತ್ತರವರೆಗೆ. ಹಗಲಿನ ಎಂಟು ಗಂಟೆ ಹಸಿವಿಗೆ ಬಿಡುವು ಸಿಗುತ್ತದೆ. ಮೂರು ದಿನ ಲೋಟ, ಚಮಚದ ಲೆಕ್ಕದಲ್ಲಿ ಬಾಯಿಯಿಂದ ಹೋದದ್ದನ್ನೆಲ್ಲ ಬರೆಯಿರಿ. ಅದು 750 ಕ್ಯಾಲೊರಿ ಮುಟ್ಟಿದಾಗ ಫೀಡನ್ನು ರಾತ್ರಿ ಹೊತ್ತು ಹತ್ತು ಗಂಟೆಗಳಷ್ಟಕ್ಕೆ ಇಳಿಸಬಹುದು. 1100 ದಾಟಿದಾಗ ಫೀಡ್ ನಿಲ್ಲಿಸಿ, ದಿನವೂ ನೀರು ಹಾಯಿಸುತ್ತಾ ಟ್ಯೂಬನ್ನು ಹಾಗೆಯೇ ಇಟ್ಟುಕೊಳ್ಳಬೇಕು. ಎರಡು ವಾರ ತೂಕ ಇಳಿಯದೆ ನಿಂತ ಮೇಲೆ ತೆಗೆಯುವ ಬಗ್ಗೆ ಶಸ್ತ್ರಚಿಕಿತ್ಸಕರು ನಿರ್ಧರಿಸುತ್ತಾರೆ. ಮುಂದೆ ಕಿಮೋಥೆರಪಿ ಇದ್ದರೆ ಇನ್ನೂ ಕೆಲವು ಕಾಲ ಇರಲಿ ಎಂದು ನಾನು ಕೇಳಿಕೊಳ್ಳುತ್ತೇನೆ, ಆದರೆ ಇದರಲ್ಲಿ ಎಲ್ಲ ವೈದ್ಯರ ಅಭಿಪ್ರಾಯ ಒಂದೇ ಅಲ್ಲ.

ಬಾಯಿಗೆ ಸಣ್ಣ ಬಟ್ಟಲಿನಲ್ಲಿ ದಿನಕ್ಕೆ ಆರು ಸಲ ಕೊಡಿ. ಮೆದುವಾದ ಆಹಾರಕ್ಕೆ ಒಪ್ಪಿಗೆ ಸಿಕ್ಕ ಮೇಲೆ ನೂಪುಟ್ಟನ್ನು ತೆಳು ಸಾರಿನಲ್ಲಿ ನೆನೆಸಿ ಕಿವುಚಿ ಕೊಡಬಹುದು. ಕಡಂಬುಟ್ಟು, ಅಕ್ಕಿ ರೊಟ್ಟಿ ಹೊಲಿಗೆಯ ಜಾಗದಲ್ಲಿ ಅಂಟಿ ನಿಲ್ಲುವುದರಿಂದ ಇನ್ನೂ ಬೇಡ. ತಿಂದ ಮೇಲೆ ಒಂದು ಗಂಟೆ ಕುಳಿತಿರಲಿ, ರಾತ್ರಿ ತಲೆಯ ಭಾಗ ಎತ್ತರವಿರಲಿ.

ನಾಪೋಕ್ಲಿನಿಂದ, ಐದು ದಿನಗಳ ನಂತರ: ಮೇಡಂ, ಡಾಕ್ಟರೂ ಹಾಗೆಯೇ ಹೇಳಿದರು. 60, 70 ಎರಡೂ ಒಗ್ಗಿದವು. ನಿನ್ನೆ 75 ಮಾಡಿದೆವು. ಆದರೆ ನಿನ್ನೆಯೇ ಕಕ್ಕಡ ಹದಿನೆಂಟು, ಅಪ್ಪ ಆಸೆಪಟ್ಟರೆಂದು ಅಮ್ಮ ನಾಲ್ಕು ಚಮಚ ಮದ್ದು ಪಾಯಸ ಕೊಟ್ಟರು. ಇಪ್ಪತ್ತು ನಿಮಿಷದಲ್ಲಿ ಬೆವರಿ, ಎದೆ ಹೊಡೆದುಕೊಂಡು, ಭೇದಿಯಾಯಿತು. ರಾತ್ರಿ ಫೀಡ್ ನಡೆಯುವಾಗ ಮತ್ತೊಮ್ಮೆ ಆಯಿತು. ಹೊಟ್ಟೆ ಮೆದುವಾಗಿದೆ, ಸುತ್ತಳತೆ ಬದಲಾಗಿಲ್ಲ.

ಮಡಿಕೇರಿಯ ಆಹಾರತಜ್ಞೆ: ಮೊದಲನೆಯದು ಬಹುಮಟ್ಟಿಗೆ ಪಾಯಸದ ಬೆಲ್ಲದಿಂದಲೇ. ಅನ್ನನಾಳದ ಬದಲಿಗೆ ಜಠರವನ್ನು ಎದೆಗೆ ಎಳೆದು ಕೊಳವೆಯಂತೆ ಹೊಲಿದಿರುತ್ತಾರೆ, ಅದರ ನರವೂ ತುಂಡಾಗಿರುತ್ತದೆ; ಹೀಗಾಗಿ ಸಿಹಿ ನಿಲ್ಲದೆ ಕರುಳಿಗೆ ಸುರಿದು ಬೆವರು, ಎದೆಬಡಿತ ತರುತ್ತದೆ. ಬೆಲ್ಲ, ಜೇನು, ಸಕ್ಕರೆ ಹಾಕಿದ ಹಾಲು ಸದ್ಯಕ್ಕೆ ಬೇಡ. ರಾತ್ರಿಯದು ಅದರ ಮುಂದುವರಿಕೆಯೋ 75ರ ವೇಗದ್ದೋ ಎಂದು ಇಷ್ಟರಿಂದ ಹೇಳಲಾಗದು. ಎರಡು ದಿನ 70ರ ವೇಗದಲ್ಲೇ ಕೊಟ್ಟು, ಸಿಹಿ ಇಲ್ಲದೆ ನೋಡಿ, ಸುತ್ತಳತೆಯೊಂದಿಗೆ ತೂಕವನ್ನೂ ಬರೆದು ಕಳುಹಿಸಿ. 70ರಲ್ಲಿ 1200 ಮುಗಿಸಲು 17 ಗಂಟೆಗಿಂತ ಸ್ವಲ್ಪ ಹೆಚ್ಚು ಬೇಕಾಗುತ್ತದೆ. ಸಂಜೆ ನಾಲ್ಕಕ್ಕೇ ಆರಂಭಿಸಿ.