ಸಹಾಯ ಬೇಕು: ದಾರೆಹುಳಿ, ಬೊಂಡ ಬಿಟ್ಟ ಮೇಲೆ ಅಪ್ಪನಿಗೆ ಏನು ಕೊಡುವುದು?

ಎಲ್ಲರಿಗೂ ನಮಸ್ಕಾರ. ನಾವು ಉಡುಪಿಯವರು. ಅಪ್ಪನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ನಡೆಯುತ್ತಿದೆ.

ಕಳೆದ ತಿಂಗಳು ಹಿತ್ತಲಿನ ದಾರೆಹುಳಿ, ಅಂದರೆ ಸ್ಟಾರ್ ಫ್ರೂಟ್ ಹಣ್ಣಿನ ಶರಬತ್ತು ಒಂದು ಲೋಟ ಕುಡಿದರು. ಸಂಜೆಯ ಹೊತ್ತಿಗೆ ಬಿಕ್ಕಳಿಕೆ ಶುರುವಾಯಿತು. ನೀರು ಕುಡಿಸಿದರೂ ನಿಲ್ಲಲಿಲ್ಲ. ರಾತ್ರಿ ಮಾತು ತಡವರಿಸಿತು, ನನ್ನನ್ನು ಅಕ್ಕನ ಹೆಸರಿನಿಂದ ಕರೆದರು. ಆಸ್ಪತ್ರೆಯಲ್ಲಿ ತಕ್ಷಣ ಡಯಾಲಿಸಿಸ್ ಮಾಡಿದರು, ಮರುದಿನ ಮತ್ತೊಮ್ಮೆ. ಈಗ ಹುಷಾರಾಗಿದ್ದಾರೆ. ಈ ಹಣ್ಣಿನಲ್ಲಿರುವ ಕ್ಯಾರಂಬಾಕ್ಸಿನ್ ಎಂಬ ವಿಷವನ್ನು ಆರೋಗ್ಯವಂತ ಮೂತ್ರಪಿಂಡ ಹೊರಹಾಕುತ್ತದೆ, ಕೆಟ್ಟದ್ದು ಹಾಕುವುದಿಲ್ಲ, ಅದು ಮಿದುಳಿಗೆ ಏರುತ್ತದೆ ಎಂದು ವೈದ್ಯರು ತಿಳಿಸಿದರು. ಅಪಸ್ಮಾರವೂ ಬರಬಹುದಂತೆ. ಇದಕ್ಕೆ ಸುರಕ್ಷಿತ ಪ್ರಮಾಣವೆಂಬುದೇ ಇಲ್ಲ. ಮೂತ್ರಪಿಂಡದ ಕಾಯಿಲೆಯವರು ಮನೆಯಲ್ಲಿದ್ದರೆ ದಯವಿಟ್ಟು ಕೊಡಬೇಡಿ.

ಪೊಟ್ಯಾಸಿಯಂ ಹೆಚ್ಚೆಂದು ಬೊಂಡವನ್ನೂ, ಅಂದರೆ ಎಳನೀರನ್ನೂ ನಿಲ್ಲಿಸಿದ್ದೇವೆ. ಪಾಲಕ್‌ನಲ್ಲಿ ಪೊಟ್ಯಾಸಿಯಂ ಜೊತೆ ಆಕ್ಸಲೇಟ್ ಕೂಡ ಇದೆ. ಹೆಚ್ಚು ನೀರಿನಲ್ಲಿ ಬೇಯಿಸಿ ಆ ನೀರನ್ನು ಚೆಲ್ಲಿದರೆ ಎರಡೂ ಕಡಿಮೆಯಾಗುತ್ತವೆ, ಪೂರ್ತಿ ಹೋಗುವುದಿಲ್ಲ.

ಡಯಾಲಿಸಿಸ್‌ನವರ ಮನೆಯವರಲ್ಲಿ ನನ್ನ ಪ್ರಶ್ನೆ: ಬಸಳೆಯನ್ನೂ ಹೀಗೆ ಬೇಯಿಸಿ ಬಸಿದು ಕೊಡಲು ನಿಮ್ಮ ಆಹಾರತಜ್ಞರು ಒಪ್ಪಿದ್ದಾರೆಯೇ, ಎಷ್ಟು? ನೀರಿನ ಮಿತಿಯೊಳಗೆ ಈ ಸೆಕೆಯಲ್ಲಿ ಬಾಯಾರಿಕೆಯನ್ನು ಹೇಗೆ ತಣಿಸುತ್ತೀರಿ? ಬೊಂಡದ ಗಾಡಿ ಕಂಡಾಗಲೆಲ್ಲ ಅಪ್ಪ ನನ್ನ ಮುಖ ನೋಡುತ್ತಾರೆ.