ಅಜ್ಜಿಯ ಫೋಟೋಗೆ ರೇಷ್ಮೆ ಸೀರೆ ಉಡಿಸುವುದು: ಮಾಡಿಸಿದವರ ಅನುಭವ

ಕೇಳಿದವರು: ಅಜ್ಜಿ ತೀರಿಕೊಂಡು ಹತ್ತು ತಿಂಗಳಾಯಿತು. ವರ್ಷದ ತಿಥಿಗೆ ದೊಡ್ಡ ಫೋಟೋ ಹಾಕಿಸಬೇಕು. ಮುಖ ಚೆನ್ನಾಗಿ ಬಂದಿರುವುದು ಒಂದೇ ಫೋಟೋದಲ್ಲಿ. ಅದರಲ್ಲಿ ನೈಟಿ ಮೇಲೆ ಸ್ವೆಟರ್ ಹಾಕಿ, ಕುರ್ಚಿಯಲ್ಲಿ ಕೂತು, ಕೈ ಮಡಿಲಲ್ಲಿ ಇಟ್ಟುಕೊಂಡಿದ್ದಾರೆ. ರೇಷ್ಮೆ ಸೀರೆ ಬೇಕು. ಮುಖ, ಕೂತ ಭಂಗಿ ಬದಲಾಗಬಾರದು. ಮಾಡಿಸಿದವರು ಹೇಳಿ.

ಹಾಸನದವಳು: ಅಮ್ಮನ ಫೋಟೋ ಸ್ಟುಡಿಯೋಗೆ ಕೊಟ್ಟು ನೊಂದವಳು ನಾನು. ಮೊದಲು 600 ರೂಪಾಯಿ ಅಂದರು. ಮೂರು ದಿನ ಬಿಟ್ಟು ಹೋದರೆ, ಅವರ ಹತ್ತಿರ ರೆಡಿ ಇದ್ದ ಯಾರದೋ ಸೀರೆ ಮೈಗೆ ಅಮ್ಮನ ತಲೆ ಕೂರಿಸಿದ್ದರು. ಅಮ್ಮ ಯಾವಾಗಲೂ ಸ್ವಲ್ಪ ಎಡಕ್ಕೆ ವಾಲಿ ಕೂರುತ್ತಿದ್ದರು. ಆ ವಾಲು ಹೋಗಿ ನೆಟ್ಟಗೆ ನಿಂತಿದ್ದರು. ಕತ್ತು ಇಪ್ಪತ್ತೈದರ ಹುಡುಗಿಯದು, ಒಂದು ಸುಕ್ಕಿಲ್ಲ. ಮುಖಕ್ಕೆ ಬೆಳಕು ಬಲದಿಂದ, ಮೈಗೆ ಎಡದಿಂದ. ತಿದ್ದಲು ಮತ್ತೆ 400. ಪ್ರಿಂಟ್ ಎರಡು ಸಲ, 300ರಂತೆ 600. ಫ್ರೇಮ್ 1,850. ಒಟ್ಟು 3,450 ಹೋಯಿತು. ಅಪ್ಪ ಇವತ್ತಿಗೂ ಆ ಫೋಟೋ ಕಡೆ ತಿರುಗಿ ನೋಡಲ್ಲ.

ಹದಿನೆಂಟು ವರ್ಷ ಸ್ಟುಡಿಯೋ: ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ಮೇಡಂ. 600 ರೂಪಾಯಿಗೆ ಟೆಂಪ್ಲೇಟೇ ಸಿಗುವುದು. ನಾನು ಕತ್ತನ್ನು ಹಳೇ ಫೋಟೋದಿಂದಲೇ ಉಳಿಸುತ್ತೇನೆ, ಕಾಲರ್ ಮೂಳೆಯವರೆಗೆ. ಒಂದು ಫೋಟೋಗೆ ಅರ್ಧ ದಿನ ಕೂರುತ್ತೇನೆ. ಆ ಅರ್ಧ ದಿನಕ್ಕೆ ದುಡ್ಡು ಕೇಳಿದರೆ ಯಾರೂ ಕೊಡಲ್ಲ.

ಹಾಸನದವಳು: ಟೆಂಪ್ಲೇಟ್ ಅಂತ ಮೊದಲೇ ಹೇಳಿದ್ದರೆ ನಾನು ಕೊಡುತ್ತಲೇ ಇರಲಿಲ್ಲ. ಯಾರೂ ಹೇಳಲಿಲ್ಲ.

ಬೆಳಗಾವಿ ಹುಡುಗ: ಇಷ್ಟೆಲ್ಲ ಯಾಕೆ? ಈಗ ಎಐ ಆ್ಯಪ್‌ಗಳಿವೆ. ಫೋಟೋ ಹಾಕಿ, ‘ರೇಷ್ಮೆ ಸೀರೆ ಉಡಿಸು, ಮುಖ ಬದಲಿಸಬೇಡ’ ಅಂತ ಬರೆದರೆ ಆಯಿತು. ದೊಡ್ಡಮ್ಮನದು ನಾನೇ ಮಾಡಿದೆ, ಒಂದು ರೂಪಾಯಿ ಖರ್ಚಿಲ್ಲ. ಆರನೇ ಸಲಕ್ಕೆ ಚೆನ್ನಾಗಿ ಬಂತು. ಮನೆಯವರೆಲ್ಲ ಒಪ್ಪಿದರು. ಗಲ್ಲದ ಮೇಲಿನ ಮಚ್ಚೆ ಮಾತ್ರ ಹೋಗಿತ್ತು, ಅದನ್ನು ಬೇರೆ ಆ್ಯಪಿನಲ್ಲಿ ಇಟ್ಟೆ.

ಲೇಯರ್ ಮೇಲೆ ಲೇಯರ್: ಮಚ್ಚೆ ಹೋಗಿತ್ತು ಅಂದರೆ ಮುಖವೇ ಹೋಗಿತ್ತು ಅಂತ ಅರ್ಥ. ಅಂಥ ಆ್ಯಪ್ ಹೆಚ್ಚಾಗಿ ಇಡೀ ಚಿತ್ರವನ್ನು ಹೊಸದಾಗಿ ಬರೆಯುತ್ತದೆ. ‘ಬದಲಿಸಬೇಡ’ ಅಂದರೆ ಹತ್ತಿರದ ಹೋಲಿಕೆ ಕೊಡುತ್ತದೆ, ಅದೇ ಮುಖ ಕೊಡುವುದಿಲ್ಲ. ಪರೀಕ್ಷೆ ಸುಲಭ. ಫೋಟೋ ತಿದ್ದುವ ಸಾಫ್ಟ್‌ವೇರ್ ಗಿಂಪ್‌ನಲ್ಲಿ ಹಳೇ ಫೋಟೋವನ್ನು ಹೊಸದರ ಮೇಲೆ ಲೇಯರ್ ಆಗಿಟ್ಟು ಮೋಡ್ `Difference` ಮಾಡಿ. ಮುಖದ ಜಾಗ ಪೂರ್ತಿ ಕಪ್ಪಾಗಿರಬೇಕು. ಕಣ್ಣು, ಬಾಯಿಯ ಗೆರೆ ಮಿನುಗಿದರೆ ಅದು ಬೇರೆ ಮುಖ.

ನಾನು ತಾತನ ತಂಗಿಯ ಫೋಟೋ ಮಾಡಿದ್ದು ಹೋದ ವರ್ಷ. ಅವರದೂ ಕೂತ ಫೋಟೋ, ಅವರೂ ಸ್ವೆಟರಿನಲ್ಲಿದ್ದರು. ಹನ್ನೊಂದು ರಾತ್ರಿ ಹಿಡಿಯಿತು. ಬಳಸಿದ್ದು ಚಿತ್ರ ಬರೆಯುವ ಎಐ ಸ್ಟೇಬಲ್ ಡಿಫ್ಯೂಷನ್‌ನ ಇನ್‌ಪೇಂಟಿಂಗ್ ಮಾಡೆಲ್, ಅಂದರೆ ಗುರುತು ಮಾಡಿದ ಜಾಗವನ್ನು ಬದಲಿಸುವಂಥದ್ದು, ಅದನ್ನು ನಡೆಸುವ ಕಂಫಿ ಸಾಫ್ಟ್‌ವೇರಿನಲ್ಲಿ. ನನ್ನ ಗ್ರಾಫಿಕ್ಸ್ ಕಾರ್ಡಿನ 4 ಜಿಬಿ ಸಾಲದೆ, ಬಾಡಿಗೆ ಜಿಪಿಯುಗೆ 740 ರೂಪಾಯಿ ಕೊಟ್ಟೆ. ಅದರಲ್ಲಿ ಅರ್ಧ, ಎಲ್ಲಿ ಬದಲಿಸಬೇಕು ಅಂತ ಗುರುತು ಮಾಡುವ ಮಾಸ್ಕಿನ ತಪ್ಪಿಗೇ ಹೋಯಿತು.

ಸ್ವೆಟರ್ ಅಂಚಿಗೆ ಸರಿಯಾಗಿ ಮಾಸ್ಕ್ ಎಳೆದಿದ್ದೆ. ಬಂದದ್ದು ಸ್ವೆಟರ್ ಆಕಾರದ ರೇಷ್ಮೆ. ಸೆರಗಿಗೆ ಭುಜದಾಚೆ ಜಾಗ ಬೇಕು, ಮಡಿಲಲ್ಲಿ ಸೀರೆ ಹರಡಲು ಮೊಣಕಾಲಿನ ಆಚೆ ಈಚೆ ಜಾಗ ಬೇಕು. ಮಾಸ್ಕ್ ಬಟ್ಟೆಗಿಂತ ದೊಡ್ಡದಾಗಿ, ಸೀರೆ ಎಲ್ಲಿಗೆ ಬರುತ್ತದೋ ಅಲ್ಲಿಯವರೆಗೆ ಇರಬೇಕು. ಆದರೆ ಬೆರಳು, ಮುಖ, ಕತ್ತು ಮಾಸ್ಕಿನ ಹೊರಗೆ. ಬೆರಳು ಒಳಗೆ ಸೇರಿದರೆ ಆರು ಬೆರಳು ಬರುವುದು ಮಾಮೂಲು.

ಭಂಗಿ ಹಾಗೇ ಹಿಡಿದಿಡುವ ಕಂಟ್ರೋಲ್‌ನೆಟ್ ಬಳಸಿದೆ. ಅದರಲ್ಲಿ ಮೊದಲು ಡೆಪ್ತ್ ಹಾಕಿ ಎರಡು ರಾತ್ರಿ ಕಳೆದೆ. ಡೆಪ್ತ್ ಹಳೇ ಸ್ವೆಟರಿನ ಉಬ್ಬನ್ನೂ ಹಿಡಿದಿಡುತ್ತದೆ. ಗೆರೆ ಹಿಡಿಯುವ ಕ್ಯಾನಿ ಹಾಕಿದರೆ ಗುಂಡಿಗಳ ಗೆರೆ ಕೂಡ ಸೀರೆ ಮೇಲೆ ಬರುತ್ತದೆ. ಓಪನ್‌ಪೋಸ್ ಹಿಡಿಯುವುದು ಕೀಲುಗಳನ್ನು ಮಾತ್ರ, ಅದಕ್ಕೇ ಬಟ್ಟೆ ಬಿಡುಗಡೆಯಾಗಿ ಬೀಳುತ್ತದೆ. ಹಳೇ ಚಿತ್ರ ಎಷ್ಟು ಬದಲಾಗಬೇಕು ಅಂತ ಹೇಳುವ `denoise` 0.5ರಲ್ಲಿ ಉಣ್ಣೆ ಹಾಗೇ ಉಳಿದು ಬಣ್ಣ ಮಾತ್ರ ಬದಲಾಯಿತು. 0.95ಕ್ಕೆ ಸೀರೆ ಬಂತು. ಆಮೇಲೆ ಅಂಚು ಮುರಿದ ಜಾಗಗಳಿಗೆ ಮಾತ್ರ ಸಣ್ಣ ಮಾಸ್ಕ್ ಹಾಕಿ 0.4ರಲ್ಲಿ ತಿದ್ದಿದೆ.

ನಾನು ಅತ್ತಿದ್ದು ಮುಖಕ್ಕೆ. ಮಾಸ್ಕಿನ ಹೊರಗಿದ್ದರೂ ಮುಖ ಮಂಕಾಗಿತ್ತು. ಯಾಕೆಂದರೆ ಈ ಮಾಡೆಲ್ ಇಡೀ ಚಿತ್ರವನ್ನು ಅಗಲಕ್ಕೂ ಎತ್ತರಕ್ಕೂ ಎಂಟು ಪಟ್ಟು ಕುಗ್ಗಿಸಿ ಮತ್ತೆ ಬಿಡಿಸುತ್ತದೆ. 100 ಪಿಕ್ಸೆಲ್ ಅಗಲದ ಮುಖಕ್ಕೆ ಹನ್ನೆರಡು ಚೌಕ ಉಳಿಯುತ್ತದೆ ಅಷ್ಟೇ. ಕೊನೆಯಲ್ಲಿ ಕಂಫಿಯ `ImageCompositeMasked` ಇಂದ ಹಳೇ ಫೋಟೋದ ಮುಖ, ಕತ್ತು, ಕೈಯನ್ನು ಹಾಗೇ ಮೇಲೆ ಕೂರಿಸಬೇಕು. ಆಗಲೇ ಆ `Difference` ಕಪ್ಪಾಗುವುದು.

ಇನ್ನೊಂದು ಮಾತು. ಸ್ವೆಟರ್ ತೋಳು ಮಣಿಕಟ್ಟಿನವರೆಗೆ ಇದೆ. ಗಿಡ್ಡ ತೋಳಿನ ರವಿಕೆ ಹಾಕಿಸಿದರೆ, ಫೋಟೋದಲ್ಲಿ ಇಲ್ಲದ ತೋಳನ್ನು ಮಾಡೆಲ್ ಹುಟ್ಟಿಸಬೇಕು. ಆ ಚರ್ಮ ಬಿಳಚಿಕೊಂಡು, ಎಳೆಯದಾಗಿ ಬರುತ್ತದೆ. ನಾನು ಉದ್ದ ತೋಳಿನ ರವಿಕೆ ಇಟ್ಟೆ.

ಬೆಳಗಾವಿ ಹುಡುಗ: ಮನೆಯವರು ಒಪ್ಪಿದ ಮೇಲೆ ಕಪ್ಪು ಬಿಳುಪು ಪರೀಕ್ಷೆ ಯಾರಿಗೆ ಬೇಕು? ಮುಖ ಬದಲಾದರೆ ಫೇಸ್‌ಸ್ವಾಪ್ ಮಾಡಿದರೆ ಆಯಿತಲ್ಲ.

ಲೇಯರ್ ಮೇಲೆ ಲೇಯರ್: ಜಾಸ್ತಿ ಜನ ಬಳಸುವ ಆ ಸ್ವಾಪ್ ಮಾಡೆಲ್ `inswapper_128`. ಹೆಸರಲ್ಲೇ ಇದೆ, ಮುಖ 128 ಪಿಕ್ಸೆಲ್‌ನದು. ದೊಡ್ಡ ಪ್ರಿಂಟಿನಲ್ಲಿ ಮೇಣದ ಹಾಗೆ ಕಾಣುತ್ತದೆ. ಸರಿ ಮಾಡಲು ರಿಸ್ಟೋರ್ ಒತ್ತಿದರೆ ಸುಕ್ಕೆಲ್ಲ ಅಳಿಸಿಹೋಗುತ್ತದೆ. ಅಸಲಿ ಮುಖ ಕೈಯಲ್ಲಿರುವಾಗ ನಕಲು ಯಾಕೆ?

ಇಳಕಲ್ ಸೊಸೆ: ನೀವಿಬ್ಬರೂ ಸೀರೆ ಬಗ್ಗೆ ಮಾತೇ ಆಡಲಿಲ್ಲ. ಅತ್ತೆಗೆ ಇಳಕಲ್ ಸೀರೆ ಬೇಕಿತ್ತು. ಎಐಗೆ ಹೆಸರು ಬರೆದರೂ ಬಂದದ್ದು ಮದುವೆ ಅಂಗಡಿ ಹೊಳಪಿನ ಯಾವುದೋ ಬಟ್ಟೆ. ತೋಪ ತೆನಿ ಸೆರಗು ಗೊತ್ತೇ ಇಲ್ಲ ಅದಕ್ಕೆ. ಚಿಕ್ಕಿ ಪರಾಸ ಅಂಚು ಮೂರು ಕಡೆ ಮುರಿದು, ಒಂದು ಕಡೆ ಮಡಿಕೆಯೊಳಗೆ ಮಾಯವಾಗಿತ್ತು. ಅತ್ತೆಯ ಸೀರೆಯ ಫೋಟೋವನ್ನೇ, ಮಾದರಿ ಫೋಟೋ ನೋಡಿ ಅದೇ ತರಹ ಬರೆಸುವ ಐಪಿ ಅಡಾಪ್ಟರಿಗೆ ಕೊಟ್ಟೆ. ಬಣ್ಣ ಬಂತು, ನೇಯ್ಗೆ ಬರಲಿಲ್ಲ.

ಕೊನೆಗೆ ನಾದಿನಿಗೆ ಆ ಸೀರೆ ಉಡಿಸಿ, ಅದೇ ತರಹದ ಕುರ್ಚಿಯಲ್ಲಿ ಕೂರಿಸಿ, ಹಳೇ ಫೋಟೋದಲ್ಲಿ ಬೆಳಕು ಬಂದ ಕಡೆಗೇ ಕಿಟಕಿ ಬರುವಂತೆ ಫೋಟೋ ತೆಗೆದೆ. ಕ್ಯಾಮೆರಾ ಎದೆಮಟ್ಟಕ್ಕೆ. ಮೂವತ್ತೆರಡು ಫೋಟೋ ತೆಗೆದು ಒಂದನ್ನು ಆರಿಸಿದೆ. ಆ ಸೀರೆಯನ್ನು ಅತ್ತೆಯ ಮೈಮೇಲೆ ಕತ್ತರಿಸಿ ಕೂರಿಸಿದೆವು. ಎಐ ಬೇಕಾಗಿದ್ದು ಕತ್ತಿನ ಹತ್ತಿರದ ಸಣ್ಣ ಸಂದಿಗೆ ಮಾತ್ರ. ಇವತ್ತು ನೋಡಿದವರು ಅದು ಅತ್ತೆಯ ಸೀರೆಯೇ ಅನ್ನುತ್ತಾರೆ, ಯಾಕೆಂದರೆ ಅದು ಅವರದೇ.

ಲೇಯರ್ ಮೇಲೆ ಲೇಯರ್: ಎಲ್ಲರ ಮನೆಯಲ್ಲೂ ಅದೇ ಮೈಕಟ್ಟಿನ ನಾದಿನಿ ಇರುವುದಿಲ್ಲ. ಆದರೆ ಐಪಿ ಅಡಾಪ್ಟರ್ ಬಗ್ಗೆ ಹೇಳಿದ್ದು ನಿಜ. ಸಾಮಾನ್ಯವಾಗಿ ಅದು ಚಿತ್ರವನ್ನು 224 ಪಿಕ್ಸೆಲ್‌ಗೆ ಇಳಿಸಿ ನೋಡುತ್ತದೆ. ಸಣ್ಣ ಚಿಕ್ಕಿ ಅಲ್ಲಿ ಉಳಿಯಲ್ಲ. ಮೈಸೂರು ಸಿಲ್ಕ್ ತರಹ ಮೈಯೆಲ್ಲ ಒಂದೇ ಬಣ್ಣ, ಅಂಚಿಗೆ ಜರಿ ಇದ್ದರೆ ಮಾಡೆಲ್ ಸುಲಭವಾಗಿ ನಿಭಾಯಿಸುತ್ತದೆ.

ಇಳಕಲ್ ಸೊಸೆ: ಮಾಡೆಲ್‌ಗೆ ಸುಲಭ ಅಂತ ಸತ್ತವರಿಗೆ ಬೇರೆ ಊರಿನ ಸೀರೆ ಉಡಿಸುವುದಾ?

ಮಡಿಕೇರಿ: ಇನ್ನೊಂದು ಗಮನಿಸಿ. ಮಾಡೆಲ್ ಹೆಚ್ಚಾಗಿ ಸೆರಗನ್ನು ಎಡ ಭುಜಕ್ಕೆ ಹಾಕುತ್ತದೆ. ನಮ್ಮ ಕೊಡವ ಉಡುಗೆಯಲ್ಲಿ ನೆರಿಗೆ ಹಿಂದಕ್ಕೆ, ಸೆರಗು ಬಲ ಭುಜಕ್ಕೆ. ಅಮ್ಮನ ಫೋಟೋದಲ್ಲಿ ಹದಿನಾಲ್ಕು ಸಲ ತಪ್ಪಾಯಿತು. ಕೊನೆಗೆ ಬಿಟ್ಟೆ.

ಹದಿನೆಂಟು ವರ್ಷ ಸ್ಟುಡಿಯೋ: ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿ ಮಾಡಿಸಿ ಮತ್ತೆ ತಿರುಗಿಸಿದರೆ ಬಲಕ್ಕೆ ಬರುತ್ತದೆ.

ಮಡಿಕೇರಿ: ಸೆರಗು ಬರುತ್ತದೆ, ನೆರಿಗೆ ಮುಂದೆಯೇ ಇರುತ್ತದೆ. ಅದು ಕೊಡವ ಸೀರೆ ಆಗಲ್ಲ.

ಕೇಳಿದವರು: ಎಲ್ಲರಿಗೂ ವಂದನೆ. ಒಂದು ಹೇಳಲು ಮರೆತಿದ್ದೆ. ಅಜ್ಜಿ ಸೆರಗನ್ನು ತಲೆ ಮೇಲೆ ಹೊದೆಯುತ್ತಿದ್ದರು. ಅಜ್ಜಿಯ ಸೀರೆ ಚಿಕ್ಕಮ್ಮನ ಹತ್ತಿರ ಇದೆ.

ಲೇಯರ್ ಮೇಲೆ ಲೇಯರ್: ಹಾಗಿದ್ದರೆ ಮಾಸ್ಕ್ ಕೂದಲಿನೊಳಗೆ ಹೋಗಬೇಕು. ಸೆರಗಿನ ನೆರಳು ಹಣೆ ಮೇಲೆ ಬೀಳಬೇಕು, ಅಂದರೆ ಹಣೆ ಮುಟ್ಟಲೇಬೇಕು. ಅದನ್ನು ನಾನು ಮಾಡಿಲ್ಲ. ನೆರಳನ್ನು ಬೇರೆ ಲೇಯರಿನಲ್ಲಿ ಕೈಯಿಂದ ಹಾಕಿ, ಮೋಡ್ `Multiply` ಇಟ್ಟು ನೋಡುತ್ತಿದ್ದೆ.

ಇಳಕಲ್ ಸೊಸೆ: ಚಿಕ್ಕಮ್ಮನಿಗೇ ಆ ಸೀರೆ ಉಡಿಸಿ, ತಲೆ ಮೇಲೆ ಹೊದಿಸಿ ಫೋಟೋ ತೆಗೆಯಿರಿ. ಅಜ್ಜಿ ಯಾವ ಭುಜದಿಂದ ತರುತ್ತಿದ್ದರು ಅಂತ ಅವರಿಗೆ ನೆನಪಿರುತ್ತದೆ.