ಐದು ಬಿಂದು, ಹತ್ತು ಗೆರೆ: ಮೇಷ್ಟ್ರನ್ನು ಕೇಳಿ

ಕಾರವಾರ ಎಂಎಸ್ಸಿ: ಸರ್, ಐದು ಬಿಂದುಗಳಲ್ಲಿ ಪ್ರತಿ ಜೋಡಿಗೂ ಒಂದು ಗೆರೆ ಇರುವ K5 ಅನ್ನು ಪಂಚಕೋನ ಬರೆದು ಒಳಗೆ ನಕ್ಷತ್ರ ಹಾಕಿ ಬಿಡಿಸಿದೆ. ಗೆರೆಗಳ ನಡುವಿನ ಜಾಗ, ಅಂದರೆ ಫೇಸ್, ಒಳಗೆ 11, ಹೊರಗಿನದು ಸೇರಿ 12. 5 − 10 + 12 ಮಾಡಿದರೆ 7 ಬರ್ತಿದೆ. 2 ಬರಬೇಕಲ್ವಾ? ಎಲ್ಲಿ ತಪ್ಪಿದೆ?

ಮೇಷ್ಟ್ರು: ಫೇಸ್ ಎಣಿಸಿದ್ದು ಸರಿ ಇದೆ. ನಕ್ಷತ್ರದ ಐದು ಮೂಲೆ, ಅವುಗಳ ನಡುವಿನ ಐದು ತ್ರಿಕೋನ, ಮಧ್ಯದ ಸಣ್ಣ ಪಂಚಕೋನ, ಒಟ್ಟು 11. ಹೊರಗಿನದನ್ನೂ ಮರೆತಿಲ್ಲ, ಅದನ್ನು ಮರೆಯುವವರೇ ಜಾಸ್ತಿ. ಎಡವಿದ್ದು ಬೇರೆ ಕಡೆ. ಬಿಂದು V, ಗೆರೆ E, ಫೇಸ್ F ಅಂದರೆ, V − E + F = 2 ಇರುವುದು ಗೆರೆ ಗೆರೆಯನ್ನು ದಾಟದ ಚಿತ್ರಕ್ಕೆ. ನಿಮ್ಮ ಚಿತ್ರದಲ್ಲಿ ಐದು ಕಡೆ ದಾಟಿದೆ. ಫೇಸ್ ಎಣಿಸುವಾಗ ಆ ದಾಟುಗಳನ್ನು ಮೂಲೆ ಅಂತ ಒಪ್ಪಿಕೊಂಡಿರಿ, ಬಿಂದು ಎಣಿಸುವಾಗ ಅವನ್ನು ಬಿಟ್ಟಿರಿ. ಎರಡರಲ್ಲೂ ಒಂದೇ ನಿಯಮ ಇಟ್ಟು ನೋಡಿ. ಐದು ದಾಟುಗಳನ್ನೂ ಬಿಂದು ಮಾಡಿದರೆ V = 10. ಒಳಗಿನ ಐದು ಗೆರೆಗಳಲ್ಲಿ ಒಂದೊಂದೂ ಮೂರು ತುಂಡಾಗುತ್ತದೆ, ಅಂದರೆ 15. ಹೊರಗಿನ ಐದು ಸೇರಿ E = 20. ಈಗ 10 − 20 + 12. ಎಷ್ಟು ಬಂತು? ಆದರೆ ಅದು ಈಗ K5 ಅಲ್ಲ, ಬೇರೆ ಗ್ರಾಫ್.

ಕಾರವಾರ ಎಂಎಸ್ಸಿ: 2 ಬಂತು ಸರ್! ಹಾಗಾದ್ರೆ K5ಗೆ ಸೂತ್ರವೇ ಹಾಕೋ ಹಾಗಿಲ್ವಾ? ಮತ್ತೆ ಅದರಿಂದಲೇ ಪ್ಲೇನಾರ್ ಅಲ್ಲ, ಅಂದ್ರೆ ದಾಟದಂತೆ ಬಿಡಿಸಲು ಆಗಲ್ಲ, ಅಂತ ಹೇಗೆ ತೋರಿಸ್ತಾರೆ?

ಕುಮಟಾ ರಾಯರು: ಸರ್, ಗೆರೆ ನೇರ ಯಾಕೆ ಇರಬೇಕು? ಬಾಗಿಸಿ ಬಾಗಿಸಿ ಒಂದೇ ಒಂದು ಕಡೆ ದಾಟುವ ಮಟ್ಟಕ್ಕೆ ತಂದಿದ್ದೇನೆ. ಇನ್ನೊಂದು ಸ್ವಲ್ಪ ಯೋಚಿಸಿದರೆ ಅದೂ ಹೋಗುತ್ತದೆ ಅನ್ಸುತ್ತೆ.

ಮೇಷ್ಟ್ರು: ಇಬ್ಬರಿಗೂ ಒಟ್ಟಿಗೆ ಹೇಳುತ್ತೇನೆ, ಯಾಕೆಂದರೆ ಒಬ್ಬರ ಉತ್ತರದಲ್ಲೇ ಇನ್ನೊಬ್ಬರದೂ ಇದೆ.

ಯಾರೋ ಹೇಗೋ ಬಾಗಿಸಿ ದಾಟದಂತೆ K5 ಬಿಡಿಸಿಬಿಟ್ಟರು ಅಂತ ಇಟ್ಟುಕೊಳ್ಳಿ. ಚಿತ್ರ ನಮ್ಮ ಹತ್ತಿರ ಇಲ್ಲ, ಪರವಾಗಿಲ್ಲ. ಬಿಂದು 5, ಗೆರೆ 10. ದಾಟಿಲ್ಲ ಅಂದಮೇಲೆ ಸೂತ್ರ ಹಾಕಲು ಅಡ್ಡಿಯಿಲ್ಲ. 5 − 10 + F = 2, ಹಾಗಾಗಿ ಫೇಸ್ 7 ಇರಲೇಬೇಕು. ಚಿತ್ರ ನೋಡದೆಯೇ ಇಷ್ಟು ಗೊತ್ತಾಯಿತು.

ಈಗ ಆ ಏಳು ಫೇಸ್‌ಗಳ ಅಂಚು ಎಣಿಸಿ. ಒಂದೊಂದು ಫೇಸ್ ಸುತ್ತ ಕಡಿಮೆ ಅಂದರೂ ಮೂರು ಗೆರೆ ಬೇಕು. ಎರಡೇ ಗೆರೆಯಲ್ಲಿ ಫೇಸ್ ಮುಚ್ಚಬೇಕಾದರೆ ಅದೇ ಎರಡು ಬಿಂದುಗಳ ನಡುವೆ ಎರಡು ಗೆರೆ ಇರಬೇಕು, K5ನಲ್ಲಿ ಅದಿಲ್ಲ. ಏಳು ಮೂರಲಿ ಇಪ್ಪತ್ತೊಂದು. ಇನ್ನೊಂದು ಕಡೆಯಿಂದ ಎಣಿಸಿ. ಒಂದು ಗೆರೆಗೆ ಎರಡೇ ಮಗ್ಗುಲು, ಆಚೆ ಒಂದು ಫೇಸ್, ಈಚೆ ಒಂದು. ಹತ್ತು ಗೆರೆಗೆ ಇಪ್ಪತ್ತು ಮಗ್ಗುಲು. ಬೇಕಾದ್ದು 21, ಇರುವುದು 20. ಒಂದು ಕಮ್ಮಿ ಬಿತ್ತು, ಅಲ್ಲಿಗೆ ಮುಗಿಯಿತು.

ರಾಯರೇ, ಇದರಲ್ಲಿ ನೇರ ಅನ್ನುವ ಮಾತು ಎಲ್ಲಾದರೂ ಬಂತಾ? ಸೂತ್ರದಲ್ಲೂ ಬರುವುದಿಲ್ಲ. ಒಂದೇ ತುಂಡಾಗಿರುವ ಯಾವುದಾದರೂ ದಾಟದ ಚಿತ್ರ ತೆಗೆದುಕೊಳ್ಳಿ. ಸುತ್ತಿಕೊಂಡು ಬಂದು ಕೂಡುವ ದಾರಿ ಎಲ್ಲಿದೆಯೋ ಅಲ್ಲಿ ಒಂದು ಗೆರೆ ಅಳಿಸಿ. ಎರಡು ಫೇಸ್ ಕೂಡಿ ಒಂದಾಗುತ್ತವೆ. E ಒಂದು ಇಳಿಯಿತು, F ಒಂದು ಇಳಿಯಿತು, ಲೆಕ್ಕ ಅಲ್ಲೇ ನಿಂತಿತು. ಹೀಗೇ ಅಳಿಸುತ್ತಾ ಹೋದರೆ ಕೊನೆಗೆ ಸುತ್ತುಗಳೇ ಇಲ್ಲದೆ ಬರೀ ಕೊಂಬೆ ಉಳಿಯುತ್ತದೆ. ಅದರಲ್ಲಿ ಗೆರೆ ಬಿಂದುವಿಗಿಂತ ಒಂದು ಕಮ್ಮಿ, ಫೇಸ್ ಒಂದೇ, ಹೊರಗಿನದು. ಹಾಗಾಗಿ 2. ನೀವು ಗೆರೆಯನ್ನು ದೇವಿಮನೆ ಘಟ್ಟದ ಹಾಗೆ ತಿರುಗಿಸಿದರೂ ಈ ಲೆಕ್ಕ ಕದಲುವುದಿಲ್ಲ.

ನಿಮ್ಮ ಆ ಒಂದು ದಾಟು ಯಾಕೆ ಹೋಗುತ್ತಿಲ್ಲ ಅಂತ ಕಣ್ಣಿಗೇ ಕಾಣಬೇಕಾ? A, B, C ತ್ರಿಕೋನ ಬರೆಯಿರಿ. D ಬಿಂದು ಒಳಗೆ, E ಬಿಂದು ಹೊರಗೆ. D ಯಿಂದ ಮೂರಕ್ಕೂ ಗೆರೆ, E ಯಿಂದ ಮೂರಕ್ಕೂ ಗೆರೆ. ಒಂಬತ್ತು ಗೆರೆ ಆಯಿತು, ಒಂದೂ ದಾಟಿಲ್ಲ. ಫೇಸ್ 6, ಆರೂ ತ್ರಿಕೋನ, ಹದಿನೆಂಟು ಮಗ್ಗುಲೂ ಖರ್ಚಾಗಿವೆ. ಉಳಿದದ್ದು D–E. ಒಂದು ಬೇಲಿಯ ಒಳಗೆ, ಇನ್ನೊಂದು ಹೊರಗೆ. ಇನ್ನು ಯೋಚಿಸುವುದು ಏನೂ ಇಲ್ಲ.

ಅಂಕೋಲಾ ಕೋಚಿಂಗ್: ಇಷ್ಟುದ್ದ ಯಾಕೆ ಸರ್. ನಮ್ಮ ಶಾರ್ಟ್‌ಕಟ್ ಚಾರ್ಟ್ ಫಾರ್ವರ್ಡ್ ಮಾಡ್ತಿದ್ದೇನೆ, ಎಲ್ಲರೂ ಸೇವ್ ಮಾಡಿಕೊಳ್ಳಿ. E ≤ 3V − 6 ಆದರೆ ಪ್ಲೇನಾರ್, ಇಲ್ಲದಿದ್ದರೆ ಅಲ್ಲ. K5ಗೆ ಗೆರೆ 10, ಮಿತಿ 9. ಹತ್ತು ಸೆಕೆಂಡಿನ ಕೆಲಸ.

ಮೇಷ್ಟ್ರು: ಆ ಚಾರ್ಟ್ ಸೇವ್ ಮಾಡಬೇಡಿ. ಅರ್ಧ ಸರಿ, ಅರ್ಧ ತಪ್ಪು, ತಪ್ಪಿನ ಅರ್ಧವೇ ಪರೀಕ್ಷೆಯಲ್ಲಿ ಬರುವುದು. ಸುಮ್ಮನೆ ಹೇಳುತ್ತಿಲ್ಲ. ಮೂರು ಮನೆ, ಪ್ರತಿ ಮನೆಗೂ ನೀರು, ಕರೆಂಟು, ಗ್ಯಾಸ್, ಇದನ್ನು K3,3 ಅನ್ನುತ್ತೇವೆ. ಬಿಂದು 6, ಗೆರೆ 9. ಚಾರ್ಟ್ ಪ್ರಕಾರ 12ರವರೆಗೆ ಹೋಗಬಹುದು, 9 ಆರಾಮಾಗಿ ಪಾಸು. ಆದರೆ ಅದನ್ನು ದಾಟದಂತೆ ಬಿಡಿಸಲು ಆಗುವುದೇ ಇಲ್ಲ. ಅದರಲ್ಲಿ ತ್ರಿಕೋನ ಇಲ್ಲ, ಮನೆಯಿಂದ ಮನೆಗೆ ಗೆರೆ ಇಲ್ಲವಲ್ಲ. ಹಾಗಾಗಿ ಪ್ರತಿ ಫೇಸಿಗೂ ಕನಿಷ್ಠ ನಾಲ್ಕು ಮಗ್ಗುಲು ಬೇಕು. ಫೇಸ್ 5, ಬೇಕಾದ್ದು 20, ಇರುವುದು 18. ಮಿತಿ ಮೀರಿದರೆ ಪ್ಲೇನಾರ್ ಅಲ್ಲ, ಅಷ್ಟೇ ಹೇಳಬಹುದು. ಮೀರದಿದ್ದರೆ ಏನೂ ಹೇಳಿದ ಹಾಗಾಗುವುದಿಲ್ಲ.

ಅಂಕೋಲಾ ಕೋಚಿಂಗ್: ಸರ್, ಬಹಳ ಮಕ್ಕಳು ಇದರಲ್ಲೇ ಪಾಸಾಗಿದ್ದಾರೆ.

ಮೇಷ್ಟ್ರು: ಆಗಿರಬಹುದು.

ಭಟ್ಕಳ ಅಣ್ಣ: ಕಾಗದದ ಮೇಲೆ ಆಗಲ್ಲ, ಒಪ್ಪಿದೆ. ಚೆಂಡಿನ ಮೇಲೆ ಬರೆದರೆ? ಆ D–E ಗೆರೆ ಹಿಂದಿನಿಂದ ಸುತ್ತಿಕೊಂಡು ಬರಬಹುದಲ್ವಾ?

ಮೇಷ್ಟ್ರು: ಇಲ್ಲ. ಚೆಂಡಿನಲ್ಲಿ ಯಾವುದಾದರೂ ಒಂದು ಫೇಸಿನ ಮಧ್ಯೆ ತೂತು ಮಾಡಿ ಹಿಗ್ಗಿಸಿ ನೆಲಕ್ಕೆ ಹಾಸಿ, ಕಾಗದದ ಚಿತ್ರವೇ ಬರುತ್ತದೆ. ತೂತಾದ ಫೇಸ್ ಹೊರಗಿನ ಫೇಸ್ ಆಗುತ್ತದೆ. ಉದ್ದಿನ ವಡೆಯ ಮೇಲೆ ಬರೆಯುವುದಾದರೆ ಮಾತು ಬೇರೆ. ಅಲ್ಲಿ 2ರ ಜಾಗದಲ್ಲಿ 0 ಬರುತ್ತದೆ, K5ಗೆ ಐದು ಫೇಸ್ ಸಾಕಾಗುತ್ತದೆ, ಬಿಡಿಸಲೂ ಆಗುತ್ತದೆ. K7 ಕೂಡ ಆಗುತ್ತದೆ.

ಹೊನ್ನಾವರ ಟಿವಿ ರಿಪೇರಿ: ಇದೆಲ್ಲ ಪುಸ್ತಕದಲ್ಲಿ. ಸಿಂಗಲ್ ಸೈಡ್ ಸರ್ಕ್ಯೂಟ್ ಬೋರ್ಡ್‌ನಲ್ಲಿ ಟ್ರ್ಯಾಕ್ ದಾಟಬೇಕಾದರೆ ಮೇಲಿಂದ ಹಾಯುವ ಒಂದು ಜಂಪರ್ ತಂತಿ ಹಾಕ್ತೇವೆ, ಆಯ್ತು. ಆಗೋದೇ ಇಲ್ಲ ಅನ್ನೋದು ಯಾವುದೂ ಇಲ್ಲ.

ಭಟ್ಕಳ ಅಣ್ಣ: ಜಂಪರ್ ಅಂದ್ರೆ ವಡೆಯ ತೂತಿನ ಹಾಗೇ ಅಲ್ವಾ. ಬೋರ್ಡ್ ಈಗ ಚಪ್ಪಟೆ ಉಳಿಲಿಲ್ಲ.

ಹೊನ್ನಾವರ ಟಿವಿ ರಿಪೇರಿ: ಬೋರ್ಡ್ ಚಪ್ಪಟೆಯೇ ಇದೆ, ಬಂದು ನೋಡಿ ಬೇಕಾದ್ರೆ. ವಡೆ ಗಿಡೆ ಅಂತ ನಮಗೆ ಹೇಳಬೇಡಿ.

ಭಟ್ಕಳ ಅಣ್ಣ: ಮಾರಾಯ್ರೇ, ನೀವು ಜಂಪರ್ ಯಾಕೆ ಹಾಕಿದ್ರಿ? ದಾಟದೆ ಆಗಲಿಲ್ಲ ಅಂತ. ಸರ್ ಹೇಳಿದ್ದೂ ಅದೇ.

ಹೊನ್ನಾವರ ಟಿವಿ ರಿಪೇರಿ: ಜಾಗ ಇರಲಿಲ್ಲ ಅಂತ ಹಾಕಿದ್ದು. ಜಾಗ ಇದ್ದಿದ್ರೆ ಸುತ್ತಿಸ್ತಿದ್ದೆ.

ಮೇಷ್ಟ್ರು: ಇಬ್ಬರೂ ಬೇರೆ ಕಡೆ ಜಗಳ ಮಾಡಿಕೊಳ್ಳಿ. ಐದು ಪಾಯಿಂಟ್‌ಗಳಲ್ಲಿ ಪ್ರತಿ ಜೋಡಿಗೂ ಬೇರೆ ಬೇರೆ ಟ್ರ್ಯಾಕ್ ಬೇಕಾದರೆ, ಬೋರ್ಡ್ ಅಂಗಳದಷ್ಟು ದೊಡ್ಡದಿದ್ದರೂ ಒಂದು ಜಂಪರ್ ಬೇಕೇ ಬೇಕು. ಒಂದೇ ಸಾಕು ಕೂಡ.

ಸಿದ್ದಾಪುರ ತೋಟ: ಸರ್, ವಿಷಯ ಬೇರೆ ಇರಬಹುದು, ಕ್ಷಮಿಸಿ. ನಾವು ಐದು ಜನ ಅಣ್ಣತಮ್ಮಂದಿರು. ಹಿಸೆ ಆಗುವಾಗ ಪ್ರತಿಯೊಬ್ಬರ ಪಾಲಿಗೂ ಉಳಿದ ನಾಲ್ವರ ಪಾಲಿನ ಗಡಿ ತಾಗಬೇಕು ಅಂತ ಅಪ್ಪಯ್ಯನ ಆಸೆ. ನಕ್ಷೆ ಬರೆದು ಬರೆದು ಸಾಕಾಯ್ತು. ಯಾರೋ ವಾಸ್ತು ಪ್ರಕಾರ ಸ್ವಸ್ತಿಕದ ಹಾಗೆ ಕತ್ತರಿಸಿ ಅಂತ ಫಾರ್ವರ್ಡ್ ಕಳಿಸಿದ್ದಾರೆ.

ಮೇಷ್ಟ್ರು: ವಿಷಯ ಬೇರೆ ಅಲ್ಲ, ಇದೇ ವಿಷಯ! 1840ರ ಸುಮಾರಿಗೆ ಗಣಿತಜ್ಞ ಮೊಬಿಯಸ್ ತನ್ನ ವಿದ್ಯಾರ್ಥಿಗಳಿಗೆ ಕೇಳಿದ್ದು ಇದನ್ನೇ, ಅಲ್ಲಿ ರಾಜ ಮತ್ತು ಐದು ಮಕ್ಕಳು ಇದ್ದರು. ಸ್ವಸ್ತಿಕವಾಗಲಿ ಇನ್ನೊಂದಾಗಲಿ, ಯಾವ ಆಕಾರದಲ್ಲೂ ಆಗುವುದಿಲ್ಲ. ಆ ಫಾರ್ವರ್ಡ್ ನಂಬಿ ಸರ್ವೆಯವರನ್ನು ಕರೆಸಬೇಡಿ, ಫೀ ದಂಡ.

ಆಯಿತು ಅಂತ ಇಟ್ಟುಕೊಂಡು ನೋಡಿ. ಪ್ರತಿ ಪಾಲಿನಲ್ಲಿ ಒಂದು ಮನೆ ಕಟ್ಟಿ. ಯಾರ ಗಡಿ ತಾಗುತ್ತದೋ ಆ ಗಡಿಯ ಮೇಲೆ ಒಂದು ದಣಪೆ ಇಟ್ಟು, ಅದರ ಮೂಲಕ ಅವರ ಮನೆಗೆ ಕಾಲುದಾರಿ ಮಾಡಿ. ನಿಮ್ಮ ಮನೆಯಿಂದ ನಾಲ್ಕು ದಣಪೆಗೆ ನಾಲ್ಕು ದಾರಿ, ನಿಮ್ಮ ಪಾಲಿನೊಳಗೆ ಅವು ದಾಟದಂತೆ ಹೊರಡಿಸಬಹುದು. ಎಲ್ಲರೂ ಹೀಗೆ ಮಾಡಿದರೆ ಐದು ಮನೆ, ಹತ್ತು ದಾರಿ, ಒಂದೂ ದಾಟಿಲ್ಲ. ಅದು K5. ಮೇಲೆ ಆಗುವುದಿಲ್ಲ ಅಂತ ತೋರಿಸಿದ್ದು ಅದನ್ನೇ. ನಾಲ್ಕು ಜನ ಇದ್ದಿದ್ದರೆ ಸುಲಭ, ಮೂವರು ಸುತ್ತ, ಒಬ್ಬ ನಡುವೆ.

ಎರಡು ವಿಷಯ ಗಮನಿಸಿ. ಒಂದೇ ಗಡಿಕಲ್ಲಿನ ಹತ್ತಿರ ಮೂಲೆ ತಾಗಿದರೆ ಗಡಿ ತಾಗಿದ ಹಾಗಲ್ಲ, ಅಲ್ಲಿ ದಣಪೆ ಇಡಲು ಜಾಗವಿಲ್ಲ. ಮತ್ತೆ ಇದೆಲ್ಲ ಪ್ರತಿ ಪಾಲೂ ಒಂದೇ ತುಂಡಾಗಿದ್ದರೆ ಮಾತ್ರ. ತೋಟದಿಂದ ದೂರ ಸೊಪ್ಪಿನ ಬೆಟ್ಟವೂ ಪಾಲಿಗೆ ಸೇರಿ, ತೋಟದಲ್ಲಿ ಗಡಿ ತಾಗದ ಇಬ್ಬರಿಗೆ ಅಲ್ಲಿ ಒಂದಕ್ಕೊಂದು ತಾಗುವ ಇನ್ನೊಂದೊಂದು ತುಂಡು ಸಿಕ್ಕರೆ ಸಾಧ್ಯ.

ಸಿದ್ದಾಪುರ ತೋಟ: ಬೆಟ್ಟ ಇದೆ ಸರ್, ಆದರೆ ಅದರದ್ದು ಬೇರೆ ತಕರಾರು. ಅಪ್ಪಯ್ಯಂಗೆ ತೋರಿಸ್ತೆ.

ಕುಮಟಾ ರಾಯರು: ಹಾಗಾದರೆ ಗಡಿ ತಾಗುವ ಜಾಗಗಳಿಗೆ ಬೇರೆ ಬೇರೆ ಬಣ್ಣ ಬರಲು ಯಾವ ನಕ್ಷೆಗೂ ನಾಲ್ಕು ಬಣ್ಣ ಸಾಕು ಅನ್ನೋದೂ ಇಲ್ಲೇ ಸಾಬೀತಾಯ್ತಲ್ಲ.

ಮೇಷ್ಟ್ರು: ಆಗಲಿಲ್ಲ. ಇಷ್ಟು ಸುಲಭ ಇದ್ದಿದ್ದರೆ ಅದರ ಸಾಬೀತಿಗೆ 1976ರವರೆಗೆ ಕಾಯಬೇಕಿರಲಿಲ್ಲ.

ಶಿರಸಿ ಪಿಯುಸಿ: ಸರ್ ಗೆರೆ ಬಾಗಿಸಿದ್ರೆ K5 ಆಗುತ್ತಾ?

ಮೇಷ್ಟ್ರು: ಮೇಲೆ ಓದಿ.

ಶಿರಸಿ ಪಿಯುಸಿ: ಸಾವಿರ ಬಿಂದು ಇದ್ರೆ ಕಂಪ್ಯೂಟರ್ ಹೇಗೆ ಚೆಕ್ ಮಾಡುತ್ತೆ?

ಯಲ್ಲಾಪುರ ಗಿರಿ: ಬಾಗಿಸಿದರೆ ಆಗುತ್ತೆ ಅಂತ ಒಂದು ವಿಡಿಯೋ ಇದೆ, ಹಾಕಲಾ?

ಮೇಷ್ಟ್ರು: ಬೇಡ. ಕಾಫಿ ಮಗ್ಗಿನ ಮೇಲೆ ಬರೆದು ಒಂದು ಗೆರೆಯನ್ನು ಹಿಡಿಯ ಮೇಲಿಂದ ದಾಟಿಸುವ ವಿಡಿಯೋ ತಾನೇ? ವಡೆಯ ಉತ್ತರ ನೋಡಿ.

ಅಂಕೋಲಾ ಕೋಚಿಂಗ್: ಸರ್‌ಗೆ ಎಲ್ಲರದೂ ತಪ್ಪೇ. ನಮ್ಮ ಚಾರ್ಟ್‌ಗೆ ಒಂದು ಸಾಲು ಸೇರಿಸಿದ್ದೇನೆ: ತ್ರಿಕೋನ ಇಲ್ಲದಿದ್ದರೆ E ≤ 2V − 4. ಈಗ ಪಕ್ಕಾ.

ಕಾರವಾರ ಎಂಎಸ್ಸಿ: ಪಕ್ಕಾ ಅಲ್ಲ ಅನ್ಸುತ್ತೆ ಸರ್. ಪೀಟರ್ಸನ್ ಗ್ರಾಫ್ ಹಾಕಿ ನೋಡಿದೆ. ಬಿಂದು 10, ಗೆರೆ 15, ಹೊಸ ಸಾಲಿನ ಪ್ರಕಾರ 16ರವರೆಗೆ ಹೋಗಬಹುದು. ಪಾಸಾಯ್ತು. ಆದರೆ ಅದರಲ್ಲಿ ಅತಿ ಸಣ್ಣ ಸುತ್ತೇ ಐದು ಗೆರೆಯದ್ದು. ದಾಟದೆ ಬಿಡಿಸಿದರೆ ಫೇಸ್ 7 ಬರಬೇಕು, ಏಳು ಐದಲಿ 35, ಮಗ್ಗುಲು ಇರೋದು 30.

ಮೇಷ್ಟ್ರು: ಸರಿ ಇದೆ.

ಅಂಕೋಲಾ ಕೋಚಿಂಗ್: ಪೀಟರ್ಸನ್ ನಮ್ಮ ಸಿಲಬಸ್‌ನಲ್ಲಿ ಇಲ್ಲ.